ಬೇಸಿಗೆಯಲ್ಲಿ ಬೆಳೆದ ಲೇಯರ್ ಬ್ಯಾಚ್‌ಗೆ ಲೈಟ್ ಹಾಕಿದ ಲೆಕ್ಕ: ಭರಮಸಾಗರದ ಶೆಡ್‌ನಿಂದ

ಫೆಬ್ರವರಿ ಮಧ್ಯದಲ್ಲಿ ಬಂದ ಮರಿಗಳನ್ನು ಮೊಟ್ಟೆಗೆ ತರುವುದು ಬೇರೆ ತಿಂಗಳ ಮರಿಗಳಿಗಿಂತ ಕಷ್ಟ. ಇದಕ್ಕೆ ಕಾರಣ ಬಿಸಿಲೊಂದೇ ಅಲ್ಲ, ಹಗಲಿನ ಉದ್ದವೂ ಹೌದು. ನಮ್ಮ ಭರಮಸಾಗರದ ಕಡೆ ಫೆಬ್ರವರಿ ಮಧ್ಯದಲ್ಲಿ ಸೂರ್ಯ ಹುಟ್ಟಿ ಮುಳುಗುವವರೆಗೆ ಸುಮಾರು 11 ಗಂಟೆ 40 ನಿಮಿಷ. ಜೂನ್ ಮೂರನೇ ವಾರಕ್ಕೆ ಅದು 13 ಗಂಟೆಯ ಹತ್ತಿರ ಬರುತ್ತದೆ. ಅಂದರೆ ಮರಿ ಬೆಳೆಯುವ ನಾಲ್ಕು ತಿಂಗಳೂ ಹಗಲು ಉದ್ದವಾಗುತ್ತಲೇ ಇರುತ್ತದೆ. ಹಗಲು ಉದ್ದವಾಗುತ್ತಿದ್ದರೆ ಕೋಳಿ ಬೇಗ ಮೊಟ್ಟೆಗೆ ಬರುತ್ತದೆ. ಅದೇ ಹೊತ್ತಿಗೆ ಏಪ್ರಿಲ್, ಮೇ ಸೆಕೆಗೆ ಅದು ಫೀಡ್ ಕಡಿಮೆ ತಿಂದು ತೂಕದಲ್ಲಿ ಹಿಂದೆ ಬಿದ್ದಿರುತ್ತದೆ. ಮೈ ಇನ್ನೂ ಚಿಕ್ಕದು, ಮೊಟ್ಟೆ ಮಾತ್ರ ಶುರು. ಆಗ ಸಣ್ಣ ಮೊಟ್ಟೆಗಳೇ ತಿಂಗಳುಗಟ್ಟಲೆ ಬರುತ್ತವೆ, ಹೊಟ್ಟೆಯೊಳಗಿನ ಮೊಟ್ಟೆಗೂಡು ಹೊರಗೆ ಬಂದು ಕೋಳಿ ಸಾಯುತ್ತವೆ, ಮೊಟ್ಟೆ ಅತಿ ಹೆಚ್ಚು ಬರುವ ಪೀಕ್ ಬಂದರೂ ನಿಲ್ಲುವುದಿಲ್ಲ.

ಇದು ಅಂಥ ಒಂದು ಬ್ಯಾಚ್‌ನ ದಾಖಲೆ. 4,200 ಬಿಳಿ ಲೇಯರ್ ಮರಿ ತಂದಿದ್ದೆ, ಕೇಜ್‌ಗೆ ಹತ್ತಿದ್ದು 3,950. ಮರಿ ಶೆಡ್, ಕೇಜ್ ಶೆಡ್ ಎರಡೂ ತೆರೆದ ಶೆಡ್‌ಗಳು, ಪಕ್ಕಕ್ಕೆ ಜಾಲರಿ ಮತ್ತು ಪರದೆ. ಈಗ ಬ್ಯಾಚ್‌ಗೆ ಅರವತ್ತು ವಾರ ದಾಟಿದೆ. ಪೂರ್ತಿ ಕತ್ತಲೆ ಮಾಡಬಲ್ಲ ಮುಚ್ಚಿದ ಶೆಡ್ ಇರುವವರಿಗೆ ಇಲ್ಲಿಯ ಲೆಕ್ಕ ಹೊಂದುವುದಿಲ್ಲ. ಅವರು ಹಗಲನ್ನೇ ಕತ್ತರಿಸಬಹುದು. ನಮ್ಮಂಥ ಶೆಡ್‌ನಲ್ಲಿ ಸೂರ್ಯ ಕೊಟ್ಟದ್ದನ್ನು ಕಡಿಮೆ ಮಾಡಲು ಆಗುವುದಿಲ್ಲ, ಅದರ ಮೇಲೆ ಸೇರಿಸಲು ಮಾತ್ರ ಆಗುತ್ತದೆ.

ಹಂತ 1: ಮರಿ ಶೆಡ್, 1ರಿಂದ 8ನೇ ವಾರ

ಬೆಳೆಯುವಾಗ ಹಗಲು ಉದ್ದವಾಗಬಾರದು, ಮೊಟ್ಟೆ ಇಡುವಾಗ ಹಗಲು ಗಿಡ್ಡವಾಗಬಾರದು. ಲೈಟಿನ ಕೆಲಸವೆಲ್ಲ ಈ ಎರಡು ಮಾತಿನ ಮೇಲೆ ನಿಂತಿದೆ.

ಸೂರ್ಯನನ್ನು ತಡೆಯಲು ಆಗದ ಮೇಲೆ ಉಪಾಯ ಒಂದೇ. ಜೂನ್‌ನಲ್ಲಿ ಬರುವ ಅತಿ ಉದ್ದದ ಹಗಲನ್ನು ಮರಿಗಳಿಗೆ ಏಪ್ರಿಲ್‌ನಲ್ಲೇ ಕೊಟ್ಟುಬಿಡಬೇಕು. ಆಮೇಲೆ ಹೊರಗೆ ಹಗಲು ಎಷ್ಟೇ ಬೆಳೆದರೂ ಒಳಗಿನ ಕೋಳಿಗೆ ಅದು ಗೊತ್ತಾಗುವುದಿಲ್ಲ.

ಜೂನ್ 21ರ ಸುಮಾರಿಗೆ ನಮ್ಮಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 6ಕ್ಕೆ, ಮುಳುಗುವುದು ಸಂಜೆ 7ಕ್ಕೆ ಎರಡು ಮೂರು ನಿಮಿಷ ಇರುವಾಗ. ಅದಕ್ಕೂ ಮುಂಚೆ ಮತ್ತು ಆಮೇಲೆ ಇಪ್ಪತ್ತು ನಿಮಿಷದಷ್ಟು ಮಬ್ಬು ಬೆಳಕು ಇರುತ್ತದೆ. ಕೋಳಿ ಅದನ್ನೂ ಹಗಲು ಅಂತಲೇ ಎಣಿಸುತ್ತದೆ, ಹಾಗಾಗಿ ಲೆಕ್ಕದಲ್ಲಿ ಸೇರಿಸಬೇಕು. ಒಟ್ಟು 13 ಗಂಟೆ 40 ನಿಮಿಷ ಆಯಿತು. ನಾನು 13 ಗಂಟೆ 45 ನಿಮಿಷ ಇಟ್ಟುಕೊಂಡೆ. ಬೆಳಿಗ್ಗೆ 5:30ರಿಂದ ಸಂಜೆ 7:15.

ಮೊದಲ ವಾರ ಮರಿಗಳು ನೀರು, ಫೀಡ್ ಕಂಡುಕೊಳ್ಳಲಿ ಅಂತ 22 ಗಂಟೆ ಬೆಳಕು ಕೊಟ್ಟೆ. ಆಮೇಲೆ ವಾರಕ್ಕೆ ಒಂದು ಗಂಟೆ ಚಿಲ್ಲರೆ ಇಳಿಸುತ್ತಾ ಬಂದೆ. ಎಂಟನೇ ವಾರ, ಅಂದರೆ ಏಪ್ರಿಲ್ ಮಧ್ಯಕ್ಕೆ, 13:45ಕ್ಕೆ ನಿಂತಿತು. ಆಗ ಹೊರಗೆ ಸೂರ್ಯ 6:13ರ ಸುಮಾರಿಗೆ ಹುಟ್ಟಿ 6:40ಕ್ಕೆ ಮುಳುಗುತ್ತಿದ್ದ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಬಲ್ಬ್ ಉರಿದರೆ ಸಾಕಾಗುತ್ತಿತ್ತು. ಮರಿ ಶೆಡ್‌ನಲ್ಲಿ ಮೊದಲೇ ಇದ್ದ ಬಲ್ಬ್‌ಗಳಲ್ಲೇ ಇದಾಯಿತು, ಹೊಸ ಖರ್ಚಿಲ್ಲ. ಬೆಳಗಿನ ಆ ಮುಕ್ಕಾಲು ಗಂಟೆ ತಂಪಿನ ಹೊತ್ತು. ಬೇಸಿಗೆಯಲ್ಲಿ ಮರಿಗಳು ಚೆನ್ನಾಗಿ ತಿನ್ನುವುದು ಆಗಲೇ, ಹಾಗಾಗಿ 5:30ಕ್ಕೇ ಫೀಡ್ ಹಾಕಿಸುತ್ತಿದ್ದೆ.

ಹಂತ 2: ಕೇಜ್ ಶೆಡ್‌ಗೆ ಹೊಸ ವೈರಿಂಗ್, ಮೇ ತಿಂಗಳು

ಹಳೆ ಬ್ಯಾಚ್ ಖಾಲಿಯಾಗಿ ಶೆಡ್ ತೊಳೆದಿದ್ದ ಸಮಯ. ಶೆಡ್ 150 ಅಡಿ ಉದ್ದ. ಎರಡು ಸಾಲು ಮೂರಂತಸ್ತಿನ ಕೇಜ್, ಒಂದೊಂದು 140 ಅಡಿ. ನಡೆಯುವ ದಾರಿ ಮೂರು: ನಡುವೆ ಒಂದು, ಎರಡೂ ಬದಿಗೆ ಒಂದೊಂದು. ಹಳೆಯದು ಸಿಎಫ್‌ಎಲ್ ಬಲ್ಬ್, 20 ಅಡಿಗೆ ಒಂದು.

ಕಣ್ಣಿಗೆ ಬೆಳಕು ಸಾಕಷ್ಟು ಇದೆ ಅನ್ನಿಸುತ್ತಿತ್ತು. 1,600 ರೂಪಾಯಿ ಕೊಟ್ಟು ಒಂದು ಲಕ್ಸ್ ಮೀಟರ್ ತಂದೆ. ರಾತ್ರಿ ಕತ್ತಲಾದ ಮೇಲೆ ಫೀಡ್ ತೊಟ್ಟಿಯ ಮಟ್ಟದಲ್ಲಿ, ಕೋಳಿ ತಲೆ ಬರುವ ಜಾಗದಲ್ಲಿ, ಮೀಟರ್ ಹಿಡಿದು ಪ್ರತಿ 5 ಅಡಿಗೆ ಬರೆದುಕೊಂಡೆ. ಬಲ್ಬ್‌ನ ಕೆಳಗೆ 22 ಲಕ್ಸ್ ಇತ್ತು. ಎರಡು ಬಲ್ಬ್‌ಗಳ ನಡುವೆ 3. ಮೊಟ್ಟೆಯ ಕೋಳಿಗೆ ಅತಿ ಮಬ್ಬಾದ ಜಾಗದಲ್ಲೂ 10 ಲಕ್ಸ್ ಸಿಗಬೇಕು. ಅಂದರೆ ಕೇಜ್‌ನಲ್ಲಿ ಕೂತ ಕೋಳಿ ಎದ್ದು ಬೆಳಕಿನ ಕಡೆ ಹೋಗಲಾರದ ಕಾರಣ, ನಡುವಿನ ಕೇಜ್‌ಗಳಿಗೆ ಅಷ್ಟು ದಿನವೂ ಲೈಟ್ ಹಾಕದ ಹಾಗೆಯೇ ಆಗಿತ್ತು. ಮೊಬೈಲ್ ಆ್ಯಪ್‌ನಲ್ಲೂ ಅಳೆದು ನೋಡಿದೆ. ಒಂದೇ ಜಾಗಕ್ಕೆ ಎರಡು ಫೋನ್‌ನಲ್ಲಿ ಬೇರೆ ಬೇರೆ ಅಂಕಿ ಬಂತು. ಅದನ್ನು ನಂಬಿ ಬಲ್ಬ್ ಕೊಳ್ಳುವುದು ಬೇಡ.

ದೊಡ್ಡ ಬಲ್ಬ್ ಹಾಕಿದರೆ ಸರಿಹೋಗುತ್ತದೆ ಅನ್ನುವುದು ಮೊದಲು ಹೊಳೆಯುವ ಯೋಚನೆ. ಒಂದು ದಾರಿಯಲ್ಲಿ 9 ವ್ಯಾಟಿನ ಎಲ್‌ಇಡಿ ಹಾಕಿ ನೋಡಿದೆ. ನಡುವೆ ಒಂದಿಷ್ಟು ಏರಿತು, ಆದರೂ 10 ಮುಟ್ಟಲಿಲ್ಲ. ಬಲ್ಬ್‌ನ ಕೆಳಗೆ ಮಾತ್ರ ವಿಪರೀತ ಬೆಳಕಾಯಿತು. ಬೆಳಕು ಜಾಸ್ತಿಯಾದ ಕಡೆ ಕೋಳಿ ಒಂದನ್ನೊಂದು ಕುಕ್ಕುವುದು ಹೆಚ್ಚು. ಬೇಕಾಗಿದ್ದು ದೊಡ್ಡ ಬಲ್ಬ್ ಅಲ್ಲ, ಹತ್ತಿರ ಹತ್ತಿರ ಇರುವ ಸಣ್ಣ ಬಲ್ಬ್.

ಹಾಗಾಗಿ 5 ವ್ಯಾಟ್ ಎಲ್‌ಇಡಿ, 10 ಅಡಿಗೆ ಒಂದು, ನೆಲದಿಂದ 7 ಅಡಿ ಎತ್ತರ. ಒಂದು ದಾರಿಗೆ 14, ಮೂರಕ್ಕೆ 42. ಹಳದಿ ಬೆಳಕಿನದೇ ತಂದೆ, ಡಬ್ಬಿಯ ಮೇಲೆ 2700K ಅಥವಾ 3000K ಅಂತ ಇರುತ್ತದೆ. ಕೋಳಿಯ ಮೊಟ್ಟೆ ಕೆಲಸವನ್ನು ಎಬ್ಬಿಸುವುದು ತಲೆಬುರುಡೆ ದಾಟಿ ಮಿದುಳಿಗೆ ಇಳಿಯುವ ಬೆಳಕು. ಕೆಂಪು ಕಡೆಯ ಬೆಳಕು ಚೆನ್ನಾಗಿ ಇಳಿಯುತ್ತದೆ, ನೀಲಿ ಅಷ್ಟಾಗಿ ಇಳಿಯುವುದಿಲ್ಲ. ಬಿಳಿ ಬಲ್ಬ್ ಇದ್ದವರು ಅದನ್ನು ಕಿತ್ತು ಎಸೆಯಬೇಕಿಲ್ಲ, ಹೊಸದು ತರುವಾಗ ಹಳದಿ ತಂದರಾಯಿತು.

ವೈರಿಂಗ್ ಹುಡುಗ ಬಾಗಿಲ ಕಂಬದಿಂದ ಶುರು ಮಾಡಿ ಹತ್ತತ್ತು ಅಡಿಗೆ ಹೋಲ್ಡರ್ ಕೂರಿಸುತ್ತಾ ಹೋದ. ಕೊನೆಯ ಬಲ್ಬ್ 130 ಅಡಿಗೇ ಮುಗಿಯಿತು, ಕೊನೆಯ ಹತ್ತಡಿ ಕೇಜ್ ಕತ್ತಲಲ್ಲಿ ಉಳಿಯಿತು. ಅಳೆದರೆ ತುದಿಯಲ್ಲಿ 4 ಲಕ್ಸ್. ಇಡೀ ಸಾಲನ್ನು 5 ಅಡಿ ಒಳಗೆ ಸರಿಸಿದೆವು. ಎರಡೂ ತುದಿಯಿಂದ ಐದೈದು ಅಡಿ ಒಳಗೆ ಮೊದಲ ಮತ್ತು ಕೊನೆಯ ಬಲ್ಬ್ ಬಂತು. ಈಗ ಬಲ್ಬ್‌ನ ಕೆಳಗೆ 34, ನಡುವೆ 17, ತುದಿಯಲ್ಲಿ 13.

ಈ ಅಂಕಿಗಳು ಹೊಸ ಬಲ್ಬ್‌ನವು. ಫೀಡ್ ಧೂಳು, ನೊಣದ ಕಲೆ ಕೂತ ಮೇಲೆ ಅದೇ 17 ಇದ್ದ ಜಾಗ 11ಕ್ಕೆ ಇಳಿದಿತ್ತು. ಒಣ ಬಟ್ಟೆಯಲ್ಲಿ ಒರೆಸಿದ ಕೂಡಲೇ ಮತ್ತೆ ಏರಿತು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಬಲ್ಬ್ ಒರೆಸುವುದು ಶೆಡ್ ಕೆಲಸದಲ್ಲಿ ಸೇರಿದೆ.

ಹಂತ 3: ಕಾಯ್ದದ್ದು, 17ರಿಂದ 19ನೇ ವಾರ

ಕೋಳಿಗಳನ್ನು ಕೇಜ್‌ಗೆ ಹತ್ತಿಸಿದ್ದು 15 ವಾರ ಮುಗಿದ ಮೇಲೆ. ಮರಿ ಶೆಡ್‌ನಲ್ಲಿದ್ದ ಅದೇ 5:30, ಅದೇ 7:15 ಇಲ್ಲೂ ಮುಂದುವರಿಯಿತು. ಶೆಡ್ ಬದಲಾಯಿಸುವ ದಿನ ಹಗಲಿನ ಉದ್ದ ಬದಲಾಗಬಾರದು.

17ನೇ ವಾರಕ್ಕೆ ಎಲ್ಲರೂ ಕೇಳುವುದು ಒಂದೇ, ಲೈಟ್ ಏರಿಸಿದಿರಾ ಅಂತ. ವಯಸ್ಸು ನೋಡಿ ಏರಿಸುವ ರೂಢಿ ನಮ್ಮ ಕಡೆ ಜಾಸ್ತಿ. ನಾನು ತಕ್ಕಡಿ ಹಿಡಿದೆ. ಸಾಲಿನ ಮುಂದಿನಿಂದ, ನಡುವಿನಿಂದ, ಹಿಂದಿನಿಂದ, ಮೂರೂ ಅಂತಸ್ತಿನಿಂದ 100 ಕೋಳಿ ತೆಗೆದು ಒಂದೊಂದಾಗಿ ತೂಗಿ ಬರೆದೆವು. ಹತ್ತನ್ನು ಒಟ್ಟಿಗೆ ಚೀಲದಲ್ಲಿ ತೂಗಿ ಭಾಗಿಸಿದರೆ ಸರಾಸರಿ ಗೊತ್ತಾಗುತ್ತದೆ, ಆದರೆ ಎಷ್ಟು ಕೋಳಿ ಹಿಂದೆ ಬಿದ್ದಿವೆ ಅನ್ನುವುದು ಮುಚ್ಚಿಹೋಗುತ್ತದೆ.

ಸರಾಸರಿ 1,090 ಗ್ರಾಂ ಬಂತು. ನಮ್ಮ ಡಾಕ್ಟರ್ ಹೇಳಿದ್ದು, 1,200 ದಾಟದೆ ಲೈಟ್ ಮುಟ್ಟಬೇಡಿ ಅಂತ. ಇನ್ನೊಂದು ಲೆಕ್ಕವೂ ಇದೆ. ಸರಾಸರಿಗಿಂತ ಹತ್ತು ಪರ್ಸೆಂಟ್ ಕೆಳಗೆ ಮತ್ತು ಮೇಲೆ, ಅಂದರೆ 981ರಿಂದ 1,199ರ ಒಳಗೆ ಎಷ್ಟು ಕೋಳಿ ಬಂದವು ಅಂತ ಎಣಿಸಬೇಕು. 68 ಬಂದವು. 80 ಆದರೂ ಇರಬೇಕು. 68 ಇರುವಾಗ ಲೈಟ್ ಏರಿಸಿದರೆ ದಪ್ಪ ಕೋಳಿಗಳಿಗೆ ಅದು ಸರಿಯಾಗುತ್ತದೆ, ಸಣ್ಣ ಕೋಳಿಗಳು ಮೈ ಬೆಳೆಸುವುದನ್ನು ಬಿಟ್ಟು ಮೊಟ್ಟೆಗೆ ಇಳಿಯುತ್ತವೆ. ಅವುಗಳಲ್ಲೇ ಮೊಟ್ಟೆಗೂಡು ಹೊರಗೆ ಬರುವುದು.

ಲೈಟನ್ನು ಹಾಗೇ ಬಿಟ್ಟು ತೂಕದ ಕೆಲಸ ಮಾಡಿದೆವು. ಫೀಡ್‌ನ ದೊಡ್ಡ ಪಾಲು ಬೆಳಿಗ್ಗೆ 5:30ಕ್ಕೆ ಮತ್ತು ಸಂಜೆ 5ಕ್ಕೆ ಹೋಯಿತು, ಮಧ್ಯಾಹ್ನ ತೊಟ್ಟಿ ಖಾಲಿಯಾದರೂ ಚಿಂತೆ ಮಾಡಲಿಲ್ಲ. ಹಿಂದೆ ಬಿದ್ದ ಕೋಳಿಗಳನ್ನು ಆರಿಸಿ ಕೆಳಗಿನ ಅಂತಸ್ತಿನ ಒಂದು ಕಡೆ, ಕೇಜ್‌ಗೆ ಒಂದು ಕೋಳಿ ಕಡಿಮೆ ಮಾಡಿ ಇಟ್ಟೆವು. ಅಷ್ಟರಲ್ಲಿ ಮಳೆ ಹಿಡಿದು ತಂಪೂ ಆಯಿತು.

ಈ ಕಾಯುವ ವಾರಗಳಲ್ಲಿ ಒಂದು ಅಡ್ಡಿ ಬಂತು. ಫೀಡ್ ಲಾರಿ ರಾತ್ರಿ ಹೊತ್ತು ಬರುತ್ತಿತ್ತು, ಚೀಲ ಇಳಿಸಲು ಅಂಗಳದ ದೊಡ್ಡ ಫ್ಲಡ್ ಲೈಟ್ ಹಾಕುತ್ತಿದ್ದರು. ಅದರ ಬೆಳಕು ಜಾಲರಿಯಿಂದ ನೇರ ಮೊದಲ ಸಾಲಿನ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ 5:30ಕ್ಕೆ ಹಗಲು ಶುರುವಾದ ಕೋಳಿಗೆ ರಾತ್ರಿ 8, 9 ಗಂಟೆಗೆ ಬೆಳಕು ಬಿದ್ದರೆ ಅದರ ಮೈ ಹಗಲು ಅಲ್ಲಿಯವರೆಗೂ ಉದ್ದವಾಯಿತು ಅಂತಲೇ ತಿಳಿಯುತ್ತದೆ. ನಡುವೆ ಕತ್ತಲಿದ್ದರೂ ಹಾಗೇ. ಮೂರು ವಾರ ಕಷ್ಟಪಟ್ಟು ಹಿಡಿದಿಟ್ಟದ್ದು ಒಂದು ಲಾರಿಯಿಂದ ಹಾಳಾಗಬಾರದು ಅಲ್ವಾ? ಆ ಲೈಟನ್ನು ಗೋಡೌನ್ ಗೋಡೆಯ ಆಚೆ ಬದಿಗೆ ತಿರುಗಿಸಿದೆವು, ಆ ಕಡೆಯ ಪರದೆ ರಾತ್ರಿ ಇಳಿಸಿಯೇ ಇರುವಂತೆ ಮಾಡಿದೆವು.

19 ವಾರಕ್ಕೆ ಮತ್ತೆ 100 ಕೋಳಿ ತೂಗಿದೆವು. ಸರಾಸರಿ 1,215. ಅದರ ಹತ್ತು ಪರ್ಸೆಂಟ್ ಒಳಗೆ 81 ಕೋಳಿ. ಅಲ್ಲೊಂದು ಇಲ್ಲೊಂದು ಮೊಟ್ಟೆ ಆಗಲೇ ಕಂಡಿತ್ತು. 20 ವಾರ ದಾಟಿ ಕಾಯುವುದರಿಂದ ಲಾಭವಿಲ್ಲ, ಹೊತ್ತು ಸರಿಯಾಗಿತ್ತು.

ಹಂತ 4: ಏರಿಸಿದ್ದು, 19ರಿಂದ 22ನೇ ವಾರ

ಮೊದಲ ಏರಿಕೆ ಕೋಳಿಗೆ ಗೊತ್ತಾಗುವ ಹಾಗೆ ಇರಬೇಕು, ಹಾಗಾಗಿ 45 ನಿಮಿಷ. ಆಮೇಲೆ ವಾರಕ್ಕೆ ಅರ್ಧ ಗಂಟೆ.

- 19ನೇ ವಾರ: 5:00ರಿಂದ 7:30, ಹದಿನಾಲ್ಕೂವರೆ ಗಂಟೆ
- 20ನೇ ವಾರ: 4:45ರಿಂದ 7:45, ಹದಿನೈದು
- 21ನೇ ವಾರ: 4:15ರಿಂದ 7:45, ಹದಿನೈದೂವರೆ
- 22ನೇ ವಾರ: 4:00ರಿಂದ 8:00, ಹದಿನಾರು

ಅಲ್ಲಿಗೆ ನಿಲ್ಲಿಸಿದೆ. 16 ಗಂಟೆ ದಾಟಿಸಿದರೆ ಮೊಟ್ಟೆ ಹೆಚ್ಚುವುದಿಲ್ಲ, ಕರೆಂಟು ಮಾತ್ರ ಹೆಚ್ಚು ಉರಿಯುತ್ತದೆ.

ಲೈಟ್ ಏರಿಸಿದ ಮರುದಿನವೇ ಮೊಟ್ಟೆ ನೋಡಬೇಡಿ. ಮೊಟ್ಟೆಗೂಡು ಬೆಳೆದು ತಯಾರಾಗಲು ಎರಡು ವಾರವಾದರೂ ಬೇಕು. ನಮ್ಮಲ್ಲಿ 22ನೇ ವಾರದ ಕೊನೆಗೆ ದಿನಕ್ಕೆ ನೂರು ಕೋಳಿಗೆ 50 ಮೊಟ್ಟೆ, 27ನೇ ವಾರಕ್ಕೆ 93. ಲೈಟ್ ಏರಿಸುವ ಮುಂಚೆಯೇ ಸುಣ್ಣದ ಅಂಶ ಸ್ವಲ್ಪ ಜಾಸ್ತಿ ಇರುವ ಪ್ರೀ ಲೇಯರ್ ಫೀಡ್ ಶುರುವಾಗಿತ್ತು, ನೂರಕ್ಕೆ 5 ಮೊಟ್ಟೆ ಬಂದ ದಿನ ಲೇಯರ್ ಫೀಡ್‌ಗೆ ಬದಲಾಯಿತು. ಲೈಟ್ ಒಂದೇ ಏರಿಸಿ ಗ್ರೋವರ್ ಫೀಡನ್ನೇ ಮುಂದುವರಿಸಿದರೆ ಕೋಳಿ ತನ್ನ ಎಲುಬಿನಿಂದ ಸುಣ್ಣ ತೆಗೆದು ಮೊಟ್ಟೆಗೆ ಹಾಕುತ್ತದೆ, ಆಮೇಲೆ ಕಾಲು ಸೋಲುತ್ತದೆ.

ಬಲ್ಬ್ ದಿನವಿಡೀ ಉರಿಯುವುದಿಲ್ಲ. ಬೆಳಿಗ್ಗೆ 4ರಿಂದ 7, ಸಂಜೆ 5:30ರಿಂದ 8. ಬೇಸಿಗೆಗೂ ಚಳಿಗಾಲಕ್ಕೂ ಇದೇ ಹೊತ್ತು. ಡಿಸೆಂಬರ್‌ನಲ್ಲಿ ಸೂರ್ಯ 6:45ಕ್ಕೆ ಹುಟ್ಟಿ 6ರ ಸುಮಾರಿಗೆ ಮುಳುಗಿದರೂ ಎರಡೂ ಕಡೆ ಬಲ್ಬ್ ಮತ್ತು ಬಿಸಿಲು ಒಂದರ ಮೇಲೊಂದು ಬರುತ್ತವೆ, ನಡುವೆ ಕತ್ತಲ ಸಂದು ಬೀಳುವುದಿಲ್ಲ. ತಿಂಗಳು ತಿಂಗಳು ಟೈಮರ್ ತಿರುಗಿಸುವ ಕೆಲಸವೂ ಇಲ್ಲ. 42 ಬಲ್ಬ್, 210 ವ್ಯಾಟ್, ಐದೂವರೆ ಗಂಟೆ. ದಿನಕ್ಕೆ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಹಂತ 5: ಮಳೆಗಾಲ, ಟೈಮರ್ ಮತ್ತು ಇನ್ವರ್ಟರ್

ಶೆಡ್‌ನಲ್ಲಿ ಮೊದಲೇ ಇದ್ದದ್ದು ಗಡಿಯಾರದ ಹಾಗೆ ತಿರುಗುವ, ಸುತ್ತ ಹಲ್ಲುಗಳಿರುವ ಟೈಮರ್. ಅದನ್ನೇ ಹೊಸ ವೈರಿಂಗ್‌ಗೂ ಜೋಡಿಸಿದ್ದೆವು. ಅದರಲ್ಲಿ ಬ್ಯಾಟರಿ ಇಲ್ಲ, ಕರೆಂಟು ಹೋದರೆ ಅದರ ಗಡಿಯಾರವೂ ನಿಲ್ಲುತ್ತದೆ. ಗಾಳಿ ಮಳೆಗೆ ಹದಿನೈದು ನಿಮಿಷ, ಅರ್ಧ ಗಂಟೆ ಕರೆಂಟು ಹೋಗಿ ಬರುತ್ತಿತ್ತು. ಪ್ರತಿ ಸಲ ಟೈಮರ್ ಅಷ್ಟು ಹಿಂದೆ ಬೀಳುತ್ತಿತ್ತು.

ಇದು ಮೊದಲು ಗೊತ್ತಾದದ್ದು ಮೊಟ್ಟೆ ಎಣಿಕೆಯಿಂದ ಅಲ್ಲ, ಮೊಟ್ಟೆ ಬೀಳುವ ಹೊತ್ತಿನಿಂದ. ಶೆಡ್ ನೋಡಿಕೊಳ್ಳುವ ಹೆಣ್ಣುಮಗಳು ಒಂದು ಬೆಳಿಗ್ಗೆ ಹೇಳಿದಳು: "ಅಣ್ಣಾ, ಈಚೆಗೆ ಒಂಬತ್ತರ ಸುತ್ತಿಗೆ ಟ್ರೇನೇ ತುಂಬವಲ್ದು. ಮಧ್ಯಾಹ್ನ ನೋಡಿದ್ರೆ ಮೊಟ್ಟೆ ಬಿದ್ದಿರ್ತಾವೆ." ಅವಳ ಮಾತು ನಿಜ. 4ಕ್ಕೆ ಲೈಟ್ ಬರುತ್ತಿದ್ದಾಗ 9 ಗಂಟೆಗೆ ದಿನದ ಅರ್ಧದಷ್ಟು ಮೊಟ್ಟೆ ಸಿಗುತ್ತಿತ್ತು. ಈಗ ಮೂರರಲ್ಲಿ ಒಂದು ಪಾಲು. ಕೋಳಿ ಯಾವಾಗ ಮೊಟ್ಟೆ ಇಡಬೇಕು ಅನ್ನುವುದನ್ನು ಬೆಳಕು ಕತ್ತಲೆಯ ಹೊತ್ತೇ ಗೊತ್ತು ಮಾಡುತ್ತದೆ. ಹೊತ್ತು ತಡವಾದರೆ ಮೊಟ್ಟೆಯೂ ತಡವಾಗುತ್ತದೆ. ಟೈಮರ್ ನೋಡಿದರೆ ಗೋಡೆ ಗಡಿಯಾರಕ್ಕಿಂತ 1 ಗಂಟೆ 20 ನಿಮಿಷ ಹಿಂದೆ ಇತ್ತು. ಬೆಳಿಗ್ಗೆ 5:20ಕ್ಕೆ ಹತ್ತಿ ರಾತ್ರಿ 9:20ಕ್ಕೆ ಆರುತ್ತಿತ್ತು. ಒಟ್ಟು ಹಗಲು ಇನ್ನೂ 16 ಗಂಟೆಯೇ. ಆದರೆ ಕರೆಂಟು ಸಂಜೆಯೇ ಹೋದ ದಿನಗಳಲ್ಲಿ ಆ ಹಗಲು ಏಳು ಗಂಟೆಗೇ ಮುಗಿಯುತ್ತಿತ್ತು. ಒಂದು ದಿನ 16, ಇನ್ನೊಂದು ದಿನ 14. ಪ್ರೊಡಕ್ಷನ್ 92ರಿಂದ 89ಕ್ಕೆ ಬಂದಿತ್ತು.

ಟೈಮರನ್ನು ಒಂದೇ ಸಲ ಸರಿಯಾದ ಹೊತ್ತಿಗೆ ತಿರುಗಿಸಬಹುದಿತ್ತು. ಹಾಗೆ ಮಾಡಿದರೆ ಆ ರಾತ್ರಿ ಕತ್ತಲೆ ಒಮ್ಮೆಲೇ ಎಂಬತ್ತು ನಿಮಿಷ ಮುಂಚೆ ಬೀಳುತ್ತದೆ. ಅದರ ಬದಲು ಹತ್ತುವ ಹೊತ್ತು, ಆರುವ ಹೊತ್ತು ಎರಡನ್ನೂ ದಿನಕ್ಕೆ 20 ನಿಮಿಷದಂತೆ ಬೇಗ ಮಾಡುತ್ತಾ 4 ಮತ್ತು 8ಕ್ಕೆ ತಂದೆವು. ಯಾವ ದಿನವೂ ಹಗಲು 16ಕ್ಕಿಂತ ಗಿಡ್ಡ ಆಗಲಿಲ್ಲ.

ಆಮೇಲೆ ದಾವಣಗೆರೆಯಿಂದ 1,800 ರೂಪಾಯಿಯ ಡಿಜಿಟಲ್ ಟೈಮರ್ ತಂದೆ, ಒಳಗೆ ಬ್ಯಾಟರಿ ಇರುವಂಥದ್ದು. ಕರೆಂಟು ಹೋದರೂ ಗಂಟೆ ತಪ್ಪುವುದಿಲ್ಲ. ಆದರೆ ಗಂಟೆ ತಪ್ಪದಿದ್ದರೆ ಸಾಲದು, ಬಲ್ಬೂ ಉರಿಯಬೇಕು. 210 ವ್ಯಾಟ್ ಮಾತ್ರ ಇದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು, ಮನೆಗೆ ಹಾಕುವಂಥ ಇನ್ವರ್ಟರೇ ಸಾಕು. 150 ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್ ಅವರ್ ಇರುತ್ತದೆ. ಅರ್ಧ ಬಳಸಿದರೂ ನಾಲ್ಕು ಗಂಟೆ ಬರುತ್ತದೆ. ಸಂಜೆಯ ಎರಡೂವರೆ ಗಂಟೆ ಪೂರ್ತಿ ಕರೆಂಟು ಇಲ್ಲದಿದ್ದರೂ ನಡೆಯುತ್ತದೆ. ನೀರಿನ ಮೋಟಾರನ್ನು ಇದಕ್ಕೆ ಸೇರಿಸಬಾರದು.

ಇನ್ವರ್ಟರ್ ಜೋಡಿಸಿದ ಮೊದಲ ರಾತ್ರಿ 8 ಗಂಟೆಗೆ ಲೈಟ್ ಆರಲಿಲ್ಲ. ಟೈಮರ್‌ನ ಪರದೆಯಲ್ಲಿ `OFF` ಅಂತಲೇ ಇತ್ತು, ಶೆಡ್ ಮಾತ್ರ ಬೆಳಗುತ್ತಿತ್ತು. ಟೈಮರ್ ಇದ್ದದ್ದು ಮೇನ್ ಮತ್ತು ಇನ್ವರ್ಟರ್ ನಡುವೆ. ಟೈಮರ್ ಕರೆಂಟು ಕಡಿದ ಕೂಡಲೇ ಇನ್ವರ್ಟರ್, ಕರೆಂಟು ಹೋಯಿತು ಅಂದುಕೊಂಡು ಬ್ಯಾಟರಿಯಿಂದ ಬಲ್ಬ್ ಉರಿಸುತ್ತಿತ್ತು. ಯಾರೂ ನೋಡದಿದ್ದರೆ ಬ್ಯಾಟರಿ ಮುಗಿಯುವವರೆಗೂ, ನಡುರಾತ್ರಿವರೆಗೆ ಕೋಳಿಗೆ ಹಗಲು. ಆ ರಾತ್ರಿ ಕೈಯಲ್ಲೇ ಆರಿಸಿ ಬೆಳಿಗ್ಗೆ ಟೈಮರನ್ನು ಇನ್ವರ್ಟರ್ ಆದ ಮೇಲೆ, ಬಲ್ಬಿನ ಸಾಲಿಗೆ ಹೋಗುವ ವೈರಿಗೆ ಬದಲಾಯಿಸಿದೆವು. ಸರಿ ಇದೆಯಾ ಅಂತ ನೋಡುವ ರೀತಿ ಹೀಗೆ: 7:30ಕ್ಕೆ ಮೇನ್ ಆಫ್ ಮಾಡಿ. ಬಲ್ಬ್ ಉರಿಯುತ್ತಲೇ ಇರಬೇಕು. 8ಕ್ಕೆ ಆರಬೇಕು. ಎರಡೂ ಆದರೆ ಜೋಡಣೆ ಸರಿ.

ಮಳೆಗಾಲದ ಇನ್ನೊಂದು ವಿಷಯ ಪರದೆ. ಜಡಿಮಳೆ ಹಿಡಿದಾಗ ಎರಡೂ ಬದಿಯ ಟಾರ್ಪಾಲಿನ್ ಇಳಿಸುತ್ತೇವೆ. ಆಗ ಮಧ್ಯಾಹ್ನ ನಾಲ್ಕಕ್ಕೇ ಒಳಗೆ 8 ಲಕ್ಸ್ ಇತ್ತು. ಹೊರಗೆ ಹಗಲು ಇದ್ದರೇನು, ಕೋಳಿಗೆ ಸಂಜೆ. ಅಂಥ ದಿನ ಟೈಮರನ್ನು ಕಾಯದೆ ಕೈಯಲ್ಲೇ ಲೈಟ್ ಹಾಕಲು ಒಂದು ಬೇರೆ ಸ್ವಿಚ್ ಇಟ್ಟಿದ್ದೇವೆ.

ಹಂತ 6: ಡಿಸೆಂಬರ್, ಒಂದು ಸಾಲು ಮಾತ್ರ ಇಳಿದದ್ದು

44ನೇ ವಾರದ ಹೊತ್ತಿಗೆ ಹೊರಗಿನ ಹಗಲು ಹನ್ನೊಂದೂಕಾಲು ಗಂಟೆಗೆ ಇಳಿದಿತ್ತು. ಶೆಡ್‌ನ ಒಳಗೆ 16 ಹಾಗೇ ಇತ್ತು, ಪ್ರೊಡಕ್ಷನ್ 88ರ ಸುತ್ತ ನಿಂತಿತ್ತು. ಆಗ ಒಂದು ವಾರದಲ್ಲಿ 88ರಿಂದ 85 ಆಯಿತು. ಫೀಡ್ ಬದಲಾಗಿರಲಿಲ್ಲ, ಕೋಳಿ ಚುರುಕಾಗಿಯೇ ಇದ್ದವು.

ಮೊಟ್ಟೆಯನ್ನು ಇಡೀ ಶೆಡ್‌ಗೆ ಒಟ್ಟು ಎಣಿಸದೆ ದಾರಿವಾರು ಟ್ರೇ ಎಣಿಸಲು ಹೇಳಿದೆ. ನಡುವಿನ ದಾರಿಯ ಎರಡೂ ಬದಿ ಸರಿಯಾಗಿತ್ತು, ಪೂರ್ವದ ದಾರಿಯೂ ಸರಿ. ಇಳಿಕೆ ಪೂರ್ತಿ ಪಶ್ಚಿಮದ ದಾರಿಯ ಕೇಜ್‌ಗಳದ್ದು. ರೋಗವೋ ಫೀಡೋ ಆಗಿದ್ದರೆ ಹೀಗೆ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಹೋಗಿ ನೋಡಿದರೆ ಆ ದಾರಿಯ ಬಲ್ಬ್ ಒಂದೂ ಉರಿಯುತ್ತಿರಲಿಲ್ಲ. ಜಾಯಿಂಟ್‌ನಲ್ಲಿ ನ್ಯೂಟ್ರಲ್ ವೈರ್ ತುಕ್ಕು ಹಿಡಿದು ಬಿಟ್ಟುಹೋಗಿತ್ತು. ಹಿಕ್ಕೆಯಿಂದ ಏಳುವ ಗ್ಯಾಸ್‌ಗೆ ತಾಮ್ರ ಬೇಗ ಹಾಳಾಗುತ್ತದೆ. ಜನ ಶೆಡ್‌ಗೆ ಬರುವ ಹೊತ್ತಿಗೆ ಬೆಳಕು ಹರಿದಿರುತ್ತದೆ, ಸಂಜೆ ಪಕ್ಕದ ದಾರಿಯ ಬೆಳಕು ಕಣ್ಣಿಗೆ ಸಾಕಾಗುತ್ತದೆ. ಹಾಗಾಗಿ ಯಾರ ಗಮನಕ್ಕೂ ಬಂದಿರಲಿಲ್ಲ.

ಜಾಯಿಂಟ್‌ಗಳನ್ನೆಲ್ಲ ಮುಚ್ಚಳದ ಪ್ಲಾಸ್ಟಿಕ್ ಬಾಕ್ಸ್‌ಗೆ ಹಾಕಿಸಿದೆ. ಲೈಟ್ ಅದೇ ದಿನ ಬಂತು, ಮೊಟ್ಟೆ ಬರಲು ಮೂರು ವಾರ ಹಿಡಿಯಿತು. ಪೂರ್ತಿ 88 ಆಗಲಿಲ್ಲ, 87ಕ್ಕೆ ನಿಂತಿತು. ಹಗಲು ಗಿಡ್ಡವಾದಾಗ ಕೆಲವು ಕೋಳಿ ಮೊಟ್ಟೆ ನಿಲ್ಲಿಸಿ ಪುಕ್ಕ ಉದುರಿಸಲು ಶುರು ಮಾಡುತ್ತವೆ. ಅವುಗಳನ್ನು ಅಷ್ಟು ಬೇಗ ತಿರುಗಿಸಲಾಗುವುದಿಲ್ಲ. ಈಗ ವಾರಕ್ಕೊಮ್ಮೆ ಬೆಳಿಗ್ಗೆ ನಾಲ್ಕೂವರೆಗೆ ಒಬ್ಬರು ಮೂರೂ ದಾರಿ ನಡೆದು ಬರುತ್ತಾರೆ.

ಖರ್ಚು

ಬಲ್ಬ್ 50 (ಎಂಟು ಹೆಚ್ಚುವರಿ) 3,500. ವೈರ್ ಮೂರು ಕಾಯಿಲ್ 4,500. ಹೋಲ್ಡರ್ 1,260. ಟೈಮರ್ 1,800. ಎಂಸಿಬಿ ಮತ್ತು ಬಾಕ್ಸ್ 900. ಕೂಲಿ 4,000. ಲಕ್ಸ್ ಮೀಟರ್ 1,600. ಇಷ್ಟಕ್ಕೆ 17,560. ಇನ್ವರ್ಟರ್, ಬ್ಯಾಟರಿ 21,000. ಒಟ್ಟು 38,560. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಇನ್ವರ್ಟರ್ ಮುಂದಕ್ಕೆ ಹಾಕಬಹುದು. ಲಕ್ಸ್ ಮೀಟರ್ ಮತ್ತು ಬ್ಯಾಟರಿ ಇರುವ ಟೈಮರ್ ಬಿಡಬೇಡಿ. ಮೀಟರನ್ನು ನಾಲ್ಕು ಜನ ಸೇರಿ ಕೊಂಡರೂ ಸಾಕು, ವರ್ಷಕ್ಕೆ ಬೇಕಾಗುವುದು ಕೆಲವೇ ರಾತ್ರಿ.

ಹಂತ 7: ಏಪ್ರಿಲ್, ನಡುರಾತ್ರಿಯ ಒಂದು ಗಂಟೆ

60ನೇ ವಾರ ಮತ್ತೆ ಬೇಸಿಗೆಯಲ್ಲೇ ಬಂತು. ಮಧ್ಯಾಹ್ನ ಕೋಳಿ ಬಾಯಿ ತೆರೆದು ತೇಕುತ್ತವೆ, ತೊಟ್ಟಿಯ ಕಡೆ ಬರುವುದೇ ಇಲ್ಲ. ಕೋಳಿಗೆ ದಿನಕ್ಕೆ 108 ಗ್ರಾಂ ಇದ್ದ ಫೀಡ್ 98ಕ್ಕೆ ಇಳಿಯಿತು. ಸಿಪ್ಪೆ ತೆಳುವಾಗಿ ಒಡೆದ ಮೊಟ್ಟೆ ಹೆಚ್ಚಾದವು. ಸಿಪ್ಪೆ ಕಟ್ಟುವ ಕೆಲಸ ಹೆಚ್ಚಿನ ಪಾಲು ರಾತ್ರಿ ನಡೆಯುತ್ತದೆ. ಆ ಹೊತ್ತಿಗೆ ಹೊಟ್ಟೆಯಲ್ಲಿ ಸುಣ್ಣ ಇರಬೇಕು.

ಟೈಮರ್‌ನಲ್ಲಿ ಇನ್ನೊಂದು ಹೊತ್ತು ಸೇರಿಸಿದೆ, ರಾತ್ರಿ 12ರಿಂದ 1. ಇದರ ಎರಡೂ ಬದಿಗೆ ಕನಿಷ್ಠ ಮೂರು ಗಂಟೆ ಪೂರ್ತಿ ಕತ್ತಲೆ ಬೇಕು. ನಮ್ಮಲ್ಲಿ 8ರಿಂದ 12 ನಾಲ್ಕು ಗಂಟೆ, 1ರಿಂದ 4 ಮೂರು ಗಂಟೆ, ಸರಿಹೋಯಿತು. ಅದಕ್ಕಿಂತ ಹತ್ತಿರ ತಂದರೆ ಕೋಳಿ ಇದನ್ನು ಹಗಲಿನ ಮುಂದುವರಿಕೆ ಅಂದುಕೊಂಡು ಮೊಟ್ಟೆಯ ಹೊತ್ತೆಲ್ಲ ಕಲಸಿಹೋಗುತ್ತದೆ. ತೊಟ್ಟಿಯಲ್ಲಿ ಫೀಡ್ ಇಲ್ಲದಿದ್ದರೆ ಈ ಲೈಟಿನಿಂದ ಏನೂ ಉಪಯೋಗವಿಲ್ಲ. ಸಂಜೆ 7ಕ್ಕೇ ತೊಟ್ಟಿ ತುಂಬಿಸಿ, ಸುಣ್ಣದ ಕಲ್ಲಿನ ದಪ್ಪ ನುಚ್ಚನ್ನು ಮೇಲೆ ಉದುರಿಸುತ್ತೇವೆ. ಪುಡಿಗಿಂತ ನುಚ್ಚು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ, ಬೆಳಗಿನವರೆಗೂ ಒದಗುತ್ತದೆ. ಪೈಪಿನಲ್ಲಿ ನಿಂತ ಬಿಸಿ ನೀರನ್ನು ಹತ್ತೂವರೆಗೆ ಬಿಟ್ಟು ತಂಪು ನೀರು ತುಂಬಿಸುತ್ತೇವೆ.

ಮೊದಲ ಎರಡು ರಾತ್ರಿ ಲೈಟ್ ಹತ್ತಿದರೂ ಅರ್ಧ ಕೋಳಿ ಕೂತೇ ಇದ್ದವು. ಮೂರನೆಯ ರಾತ್ರಿಯಿಂದ ಲೈಟ್ ಬಂದ ಕೂಡಲೇ ತೊಟ್ಟಿಗೆ ಕುಕ್ಕುವ ಸದ್ದು ಶೆಡ್ ತುಂಬ ಕೇಳಿಸುತ್ತಿತ್ತು. ಫೀಡ್ 103ಕ್ಕೆ ಬಂದಿದೆ, ಸಿಪ್ಪೆ ಗಟ್ಟಿಯಾಗುತ್ತಿದೆ. ಇದನ್ನು ಜೂನ್‌ವರೆಗೆ ನಡೆಸುತ್ತೇನೆ. ಮಳೆ ಬಂದು ತಂಪಾದ ಮೇಲೂ ಒಂದೇ ದಿನ ನಿಲ್ಲಿಸುವುದಿಲ್ಲ. ವಾರಕ್ಕೆ 15 ನಿಮಿಷದಂತೆ ತೆಗೆಯಬೇಕು, ನಾಲ್ಕು ವಾರ. ಆಗ ಬೆಳಗಿನ 4 ಮತ್ತು ರಾತ್ರಿಯ 8ನ್ನು ಮುಟ್ಟುವುದಿಲ್ಲ, ಬ್ಯಾಚ್ ಮಾರುವವರೆಗೂ ಅವು ಹಾಗೇ ಇರುತ್ತವೆ.